ಬಾಂಡ್ ಕೊಂಡಾಗ ದರದ ಮೇಲೆ ಸೇರುವ ಬಡ್ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರ ಬೆಳಿಗ್ಗೆ ನಾವು ಐದಾರು ಜನ ಕಾಫಿಗೆ ಸೇರುತ್ತೇವೆ. ಮಾತು ಸುತ್ತಿ ಸುತ್ತಿ ದುಡ್ಡಿನ ಕಡೆಗೇ ಬರುತ್ತದೆ. ಒಂದು ಭಾನುವಾರ ಮಂಡ್ಯದಿಂದ ಬರುವ ನಿವೃತ್ತ ಮೇಷ್ಟ್ರು ಒಂದು ಚೀಟಿ ತಂದು ಮೇಜಿನ ಮೇಲಿಟ್ಟರು. ಅವರು ಮೊದಲ ಸಲ ಸರ್ಕಾರಿ ಬಾಂಡ್ ಕೊಂಡಿದ್ದರು. "ನೂರು ರೂಪಾಯಿ ಮುಖಬೆಲೆಗೆ ದರ 102 ಅಂತ ತೋರಿಸಿದ್ರು. ಒಂದು ಲಕ್ಷದ ಬಾಂಡಿಗೆ 1,02,000 ಆಗಬೇಕಿತ್ತು. ನನ್ನ ಖಾತೆಯಿಂದ ಹೋಗಿರೋದು 1,03,495 ರೂಪಾಯಿ 83 ಪೈಸೆ. ಈ ಮೇಲಿನ ಒಂದೂವರೆ ಸಾವಿರ ಯಾರ ಕಮಿಷನ್ನು?" ಅಂದರು.

ಅದು ಕಮಿಷನ್ ಅಲ್ಲ. ಅಲ್ಲಿಂದ ಶುರುವಾದ ಪ್ರಶ್ನೆಗಳು ಇಲ್ಲಿವೆ. ಎಲ್ಲದಕ್ಕೂ ಮೇಷ್ಟ್ರ ಬಾಂಡನ್ನೇ ಇಟ್ಟುಕೊಂಡಿದ್ದೇನೆ, ಹೆಸರು 7.18% GS 2033. ಲೆಕ್ಕ ಸುಲಭವಾಗಲಿ ಅಂತ ದರವನ್ನು ಮಾತ್ರ 102ಕ್ಕೆ ಸರಿಹೊಂದಿಸಿದ್ದೇನೆ.

ಈ 1,495.83 ರೂಪಾಯಿ ಏನು?

ಹಿಂದಿನ ಕೂಪನ್ ದಿನದಿಂದ ನೀವು ಕೊಂಡ ದಿನದವರೆಗೆ ಆ ಬಾಂಡಿನಲ್ಲಿ ಕೂಡಿಕೊಂಡ ಬಡ್ಡಿ. ಚೀಟಿಯಲ್ಲಿ ಅದನ್ನು ಅಕ್ರೂಡ್ ಇಂಟರೆಸ್ಟ್ ಅಂತ ಬರೆದಿರುತ್ತಾರೆ. ಹಳೆಯ ಬ್ಯಾಂಕಿನವರ ಬಾಯಲ್ಲಿ ಬ್ರೋಕನ್ ಪೀರಿಯಡ್ ಇಂಟರೆಸ್ಟ್.

ಕೂಪನ್ ಅಂದರೆ ಬಾಂಡ್ ಕೊಡುವ ಬಡ್ಡಿ. ಮೇಷ್ಟ್ರ ಬಾಂಡ್ 2033ರ ಆಗಸ್ಟ್ 14ಕ್ಕೆ ಮುಗಿಯುತ್ತದೆ. ಅದಕ್ಕೇ ಪ್ರತಿ ವರ್ಷ ಫೆಬ್ರವರಿ 14 ಮತ್ತು ಆಗಸ್ಟ್ 14 ಅದರ ಬಡ್ಡಿಯ ದಿನಗಳು. ವರ್ಷಕ್ಕೆ 7.18 ಪರ್ಸೆಂಟ್, ಅಂದರೆ ಲಕ್ಷಕ್ಕೆ 7,180 ರೂಪಾಯಿ. ಎರಡು ಕಂತು, ಒಂದೊಂದೂ 3,590.

ಮೇಷ್ಟ್ರು ಕೊಂಡ ಬಾಂಡ್ ಅವರ ಹೆಸರಿಗೆ ಬಂದದ್ದು 2024ರ ಅಕ್ಟೋಬರ್ 29ಕ್ಕೆ. ಆಗಸ್ಟ್ 14ರಿಂದ ಅಲ್ಲಿಯವರೆಗೆ ಅದನ್ನು ಇಟ್ಟುಕೊಂಡಿದ್ದವರು ಬೇರೆ ಯಾರೋ. ಆದರೆ 2025ರ ಫೆಬ್ರವರಿ 14ಕ್ಕೆ ಬರುವ 3,590 ಪೂರ್ತಿ ಮೇಷ್ಟ್ರ ಖಾತೆಗೆ. ಹಳೆಯವರ ಎರಡೂವರೆ ತಿಂಗಳ ಪಾಲು ಅದರಲ್ಲೇ ಸೇರಿಕೊಂಡಿದೆ. ಆ ಪಾಲನ್ನು ಮೇಷ್ಟ್ರು ಮುಂಚೆಯೇ ಕೊಟ್ಟಿದ್ದಾರೆ, ಅಷ್ಟೆ.

ಬಾಂಡ್ ಹೊರಡಿಸಿದ ಸರ್ಕಾರವೇ ಇಬ್ಬರಿಗೂ ಹಂಚಿ ಕೊಡಬಹುದಲ್ಲ?

ಕೊಡಲ್ಲ. ಬಡ್ಡಿ ದಿನದಂದು ಬಾಂಡ್ ಯಾರ ಹೆಸರಲ್ಲಿದೆ ಅನ್ನೋದನ್ನಷ್ಟೇ ಸರ್ಕಾರ ನೋಡುತ್ತದೆ. ನಡುವೆ ಎಷ್ಟು ಕೈ ಬದಲಾಯಿತು ಅಂತ ಲೆಕ್ಕ ಇಡೋದು ಅದರ ಕೆಲಸವಲ್ಲ.

ಮೇಷ್ಟ್ರಿಗೆ ನಾನು ಹಸುವಿನ ಲೆಕ್ಕ ಹೇಳಿದೆ. ಡೇರಿಯವರು ದಿನಾ ಹಾಲು ಯಾರು ಹಾಕಿದರು ಅಂತ ಬರೆದುಕೊಳ್ಳೋದೇ ಇಲ್ಲ ಅಂದುಕೊಳ್ಳಿ. ಬಟವಾಡೆ ದಿನ ಹಸು ಯಾರ ಕೊಟ್ಟಿಗೆಯಲ್ಲಿದೆಯೋ ಅವರಿಗೇ ಪೂರ್ತಿ ದುಡ್ಡು. ಹತ್ತು ದಿನ ಹಾಲು ಹಾಕಿ ಹನ್ನೊಂದನೇ ದಿನ ಹಸು ಮಾರುವವರು ಸುಮ್ನೆ ಬಿಡ್ತಾರಾ? ಹಸುವಿನ ಬೆಲೆ ಬೇರೆ, ಹತ್ತು ದಿನದ ಹಾಲಿನ ದುಡ್ಡು ಬೇರೆ ಇಡಿ ಅಂತಾರೆ. ನಿಜವಾದ ಡೇರಿ ಹಾಗೆ ಮಾಡಲ್ಲ, ಬಾಂಡ್ ಹಾಗೇ ಮಾಡುತ್ತದೆ. ಮೇಷ್ಟ್ರು ನಕ್ಕು, "ಸರಿ, ಎಷ್ಟು ದಿನದ ಹಾಲು ಅಂತ ಹೆಂಗೆ ಎಣಿಸಿದ್ರು ಹೇಳಿ" ಅಂದರು. ಗೊಂದಲ ಇರೋದೆಲ್ಲ ಆ ಎಣಿಕೆಯಲ್ಲೇ.

ದಿನ ಎಣಿಸೋದು ಹೇಗೆ?

ಗೋಡೆಯ ಕ್ಯಾಲೆಂಡರ್ ನೋಡಿ ಎಣಿಸಿದರೆ ಆಗಸ್ಟ್ 14ರಿಂದ ಅಕ್ಟೋಬರ್ 29ಕ್ಕೆ 76 ದಿನ. ಚೀಟಿಯಲ್ಲಿರೋದು 75. ತಪ್ಪು ಅಂದುಕೊಳ್ಳಬೇಡಿ.

ನಮ್ಮ ಸರ್ಕಾರಿ ಬಾಂಡ್‌ಗಳಲ್ಲಿ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360 ದಿನ ಅಂತ ಲೆಕ್ಕ. ಇದಕ್ಕೆ ಥರ್ಟಿ ತ್ರೀಸಿಕ್ಸ್ಟಿ ಅಂತಾರೆ. ಕರ್ನಾಟಕವೂ ಸೇರಿದಂತೆ ರಾಜ್ಯ ಸರ್ಕಾರಗಳ ಬಾಂಡ್‌ಗಳಿಗೂ ಇದೇ ಪದ್ಧತಿ. ಮೊದಲು ತಿಂಗಳು ಎಣಿಸಿ, ಆಮೇಲೆ ಉಳಿದ ದಿನ. ಆಗಸ್ಟ್ 14ರಿಂದ ಅಕ್ಟೋಬರ್ 14ಕ್ಕೆ ಎರಡು ತಿಂಗಳು, ಅಂದರೆ 60 ದಿನ. 14ರಿಂದ 29ಕ್ಕೆ 15 ದಿನ. ಒಟ್ಟು 75.

ಇನ್ನು ಗುಣಿಸೋದು: 7,180 × 75 ÷ 360 = 1,495.83. ಚೀಟಿಯಲ್ಲಿರೋದೂ ಅದೇ.

ಫೆಬ್ರವರಿ 14ಕ್ಕೆ ಏನಾಗುತ್ತದೆ ಅಂತಲೂ ನೋಡಿ. ಅರ್ಧ ವರ್ಷಕ್ಕೆ 180 ದಿನ. ಮೇಷ್ಟ್ರು ಇಟ್ಟುಕೊಂಡದ್ದು 105 ದಿನ. ಅವರ ನಿಜವಾದ ಪಾಲು 7,180 × 105 ÷ 360, ಅಂದರೆ 2,094.17. ಕೈಗೆ ಬರುವ 3,590ರಲ್ಲಿ ಮೊದಲೇ ಕೊಟ್ಟ 1,495.83 ಕಳೆದರೂ ಅದೇ 2,094.17. ಪೈಸೆಗೆ ಪೈಸೆ ಕೂರುತ್ತದೆ.

31ನೇ ತಾರೀಖು, ಫೆಬ್ರವರಿ ತಿಂಗಳು ಬಂದರೆ?

ಇಲ್ಲಿ ಲೆಕ್ಕ ಸ್ವಲ್ಪ ತಮಾಷೆಯಾಗುತ್ತದೆ. ತಿಂಗಳಿಗೆ 30 ದಿನ ಅಂದಮೇಲೆ 31ನೇ ತಾರೀಖು ಅನ್ನೋದೇ ಇಲ್ಲ. ಅದನ್ನೂ 30 ಅಂತಲೇ ಓದುತ್ತಾರೆ. ಮೇಷ್ಟ್ರು ಈ ಬಾಂಡನ್ನು 2025ರ ಜನವರಿ 30ಕ್ಕೆ ಪಡೆದಿದ್ದರೆ 166 ದಿನದ ಬಡ್ಡಿ. ಜನವರಿ 31ಕ್ಕೆ ಪಡೆದಿದ್ದರೂ 166 ದಿನದ್ದೇ. ಎರಡೂ ದಿನ 3,310.78. ಒಂದು ರಾತ್ರಿ ಕಳೆದರೂ ಬಡ್ಡಿ ಒಂದು ಪೈಸೆಯೂ ಏರಿಲ್ಲ.

ಫೆಬ್ರವರಿ ಕೊನೆಯಲ್ಲಿ ಇದರ ಉಲ್ಟಾ. ಫೆಬ್ರವರಿ 28ಕ್ಕೆ, ಆ ತಿಂಗಳ 14ರ ಕೂಪನ್ನಿಂದ 14 ದಿನ. ಮಾರ್ಚ್ 3ಕ್ಕೆ ಎಷ್ಟು? ಮಾರ್ಚ್ 14 ಆಗಿದ್ದರೆ 30 ಆಗುತ್ತಿತ್ತು, ಅದರಲ್ಲಿ 11 ಕಳೆದರೆ 19. ಕ್ಯಾಲೆಂಡರಿನಲ್ಲಿ ಮೂರೇ ದಿನ, ಬಡ್ಡಿ ಮಾತ್ರ ಐದು ದಿನದ್ದು. ಲಕ್ಷಕ್ಕೆ 279.22 ಇದ್ದದ್ದು 378.94 ಆಗುತ್ತದೆ.

ಇದರಿಂದ ಯಾರಿಗಾದರೂ ಪುಕ್ಕಟೆ ಲಾಭ ಇದೆಯಾ ಅಂತ ನಮ್ಮ ಗುಂಪಿನ ಒಬ್ಬರು ಉತ್ಸಾಹದಿಂದ ಕೇಳಿದರು. ಲಕ್ಷಕ್ಕೆ ದಿನಕ್ಕೆ 19 ರೂಪಾಯಿ 94 ಪೈಸೆ ಲೆಕ್ಕ ಇದು. ದರ ಕಾಲು ರೂಪಾಯಿ ಅಲ್ಲಾಡಿದರೆ ಲಕ್ಷಕ್ಕೆ 250 ರೂಪಾಯಿ ಆ ಕಡೆ ಈ ಕಡೆ ಆಗುತ್ತದೆ. ದಿನದ ಆಟ ಆಡೋಕೆ ಹೋಗಿ ದರದಲ್ಲಿ ಕಳೆದುಕೊಳ್ಳೋದು ಬೇಡ.

ಆರ್ಡರ್ ಹಾಕಿದ ದಿನದವರೆಗಾ, ಬಾಂಡ್ ಬಂದ ದಿನದವರೆಗಾ?

ಬಾಂಡ್ ಬಂದ ದಿನ, ಅಂದರೆ ಸೆಟಲ್‌ಮೆಂಟ್ ದಿನ. ಸರ್ಕಾರಿ ಬಾಂಡ್ ವ್ಯವಹಾರ ಸಾಮಾನ್ಯವಾಗಿ ಮಾರನೇ ಕೆಲಸದ ದಿನ ಸೆಟಲ್ ಆಗುತ್ತದೆ. ಮೇಷ್ಟ್ರು ಆರ್ಡರ್ ಹಾಕಿದ್ದು ಅಕ್ಟೋಬರ್ 28ರ ಸೋಮವಾರ. ಬಡ್ಡಿ ಎಣಿಸಿದ್ದು 29ರ ಮಂಗಳವಾರದವರೆಗೆ.

ಶುಕ್ರವಾರ ಆರ್ಡರ್ ಹಾಕಿದರೆ ಸೆಟಲ್‌ಮೆಂಟ್ ಸೋಮವಾರಕ್ಕೆ ಹೋಗುತ್ತದೆ. ಆಗ ಶನಿವಾರ, ಭಾನುವಾರದ ಬಡ್ಡಿಯೂ ಮಾರುವವರಿಗೇ. ಅಕ್ಟೋಬರ್ 24ರ ಗುರುವಾರ ಹಾಕಿದ್ದರೆ 71 ದಿನ, 25ರ ಶುಕ್ರವಾರ ಹಾಕಿದ್ದರೆ 74 ದಿನ. ಲಕ್ಷಕ್ಕೆ 59.83 ವ್ಯತ್ಯಾಸ. ಅನ್ಯಾಯ ಏನಿಲ್ಲ. ಆ ಎರಡು ದಿನ ನಿಮ್ಮ ದುಡ್ಡೂ ನಿಮ್ಮ ಹತ್ತಿರವೇ ಇತ್ತಲ್ವಾ.

"ಹಿಂದಿನ ಕೂಪನ್ ದಿನ" ಅಂದರೆ ದುಡ್ಡು ಖಾತೆಗೆ ಬಿದ್ದ ದಿನವಾ?

ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದರೆ ನಾನೇ ಇದರಲ್ಲಿ ಎಡವಿದ್ದೇನೆ.

2026ರ ಫೆಬ್ರವರಿ 14 ಎರಡನೇ ಶನಿವಾರ, ಬ್ಯಾಂಕ್ ರಜೆ. ಕೂಪನ್ ದಿನ ರಜೆಗೆ ಬಿದ್ದರೆ ದುಡ್ಡು ಮುಂದಿನ ಕೆಲಸದ ದಿನ ಬರುತ್ತದೆ, ಇಲ್ಲಿ ಸೋಮವಾರ 16ಕ್ಕೆ. ತಡವಾದದ್ದಕ್ಕೆ ಒಂದು ಪೈಸೆಯೂ ಜಾಸ್ತಿ ಸಿಗಲ್ಲ, ಅದೇ 3,590. ಹಾಗಾಗಿ ಮುಂದಿನ ಅರ್ಧ ವರ್ಷದ ಎಣಿಕೆ 14ರಿಂದಲೇ ಶುರು. 16ರಿಂದ ಶುರು ಮಾಡಿದರೆ ಎರಡು ದಿನದ ಬಡ್ಡಿ ಯಾರಿಗೂ ಸೇರದೆ ಹೋಗುತ್ತದೆ.

ಫೆಬ್ರವರಿ 20ಕ್ಕೆ ಸೆಟಲ್ ಆಗುವ ವ್ಯವಹಾರ ಅಂತಿಟ್ಟುಕೊಳ್ಳಿ. ಸರಿಯಾದ ಲೆಕ್ಕ 6 ದಿನ, ಲಕ್ಷಕ್ಕೆ 119.67. ಎಸ್‌ಎಂಎಸ್ ಬಂದ ದಿನದಿಂದ ಎಣಿಸಿದರೆ 4 ದಿನ, 79.78. ಹಿಂದೊಮ್ಮೆ ಬೇರೆ ಬಾಂಡಿನಲ್ಲಿ ನಾನು ಮಾಡಿದ್ದೂ ಇದೇ. ಬ್ಯಾಂಕಿನ ಎಸ್‌ಎಂಎಸ್‌ ದಿನಾಂಕವನ್ನು ನನ್ನ ಎಕ್ಸೆಲ್ ಹಾಳೆಗೆ ತುಂಬಿದ್ದೆ. ಚೀಟಿಯಲ್ಲಿ ಜಾಸ್ತಿ ಹಾಕಿದ್ದಾರೆ ಅಂತ ಜಗಳಕ್ಕೆ ನಿಂತೆ. ಆ ಕಡೆಯ ಹುಡುಗಿ ಸಮಾಧಾನವಾಗಿ, "ಸಾರ್, ಬಾಂಡಿನ ತಾರೀಖು ನೋಡಿ, ಬ್ಯಾಂಕಿನ ತಾರೀಖು ಬೇಡ" ಅಂದಳು. ನನಗೆ ಮುಖ ಎಲ್ಲಿಟ್ಟುಕೊಳ್ಳೋದು ಅಂತ ಗೊತ್ತಾಗಲಿಲ್ಲ.

ವ್ಯತ್ಯಾಸ ಎರಡು ಮೂರು ದಿನದ ಬಡ್ಡಿಯಷ್ಟೇ ಇದ್ದರೆ ಮೊದಲು ಇದನ್ನೇ ನೋಡಿ. ಆ ವ್ಯತ್ಯಾಸವನ್ನು ಒಂದು ದಿನದ ಬಡ್ಡಿಯಿಂದ ಭಾಗಿಸಿ. ಸರಿಯಾಗಿ 1, 2, 3 ಅಂತ ಬಂದರೆ ದಿನದ ಎಣಿಕೆಯಲ್ಲೇ ಎಡವಟ್ಟಾಗಿದೆ. ಅರ್ಧಂಬರ್ಧ ಸಂಖ್ಯೆ ಬಂದರೆ ಬೇರೆ ಏನೋ ಸೇರಿದೆ, ಶುಲ್ಕ ಇದೆಯಾ ನೋಡಿ.

ಎಕ್ಸೆಲ್‌ನಲ್ಲಿ ಹಾಕೋದು ಹೇಗೆ?

ಒಂದು ಸಾಲು ಸಾಕು.

```
=100000*7.18%*DAYS360(DATE(2024,8,14),DATE(2024,10,29),TRUE)/360
```

1495.83 ಬರುತ್ತದೆ. ಕೊನೆಯ `TRUE` ಬಿಡಬೇಡಿ. ಬಿಟ್ಟರೆ ಎಕ್ಸೆಲ್ ಅಮೆರಿಕದ ರೀತಿಯಲ್ಲಿ ಎಣಿಸುತ್ತದೆ, ಅಲ್ಲಿ 31ನೇ ತಾರೀಖನ್ನು ಕೆಲವು ಸಲ ಮುಂದಿನ ತಿಂಗಳ 1 ಅಂತ ಓದುತ್ತಾರೆ. ಮೇಲೆ ಹೇಳಿದ ಜನವರಿ 31ರ ಉದಾಹರಣೆಗೆ 166ರ ಬದಲು 167 ತೋರಿಸುತ್ತದೆ. ಬೇರೆ ದಿನಗಳಲ್ಲಿ ಎರಡೂ ಒಂದೇ ಉತ್ತರ ಕೊಡೋದರಿಂದ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೇ ಬೀಳಲ್ಲ.

ದರದಲ್ಲೇ ಬಡ್ಡಿಯನ್ನೂ ಸೇರಿಸಿ ಒಂದೇ ಸಂಖ್ಯೆ ಹೇಳಬಾರದಾ?

ಹೇಳಬಹುದು, ಆದರೆ ಆ ಸಂಖ್ಯೆ ನೋಡಿದರೆ ಏನೂ ತಿಳಿಯಲ್ಲ. ಬಡ್ಡಿ ಬಿಟ್ಟ ದರಕ್ಕೆ ಕ್ಲೀನ್ ಪ್ರೈಸ್ ಅಂತಾರೆ, ಮೇಷ್ಟ್ರದ್ದು 102. ಬಡ್ಡಿ ಸೇರಿಸಿದ್ದು ಡರ್ಟಿ ಪ್ರೈಸ್, 103.4958. ಹೆಸರು ಕೇಳಿ ಮುಖ ಸಿಂಡರಿಸಬೇಡಿ, ಕೊನೆಗೆ ಜೇಬಿನಿಂದ ಹೋಗೋದು ಡರ್ಟಿಯೇ.

ಮಾರುಕಟ್ಟೆಯಲ್ಲಿ ಏನೂ ಬದಲಾಗದಿದ್ದರೂ ಡರ್ಟಿ ಪ್ರೈಸ್ ದಿನಕ್ಕೆ ಸುಮಾರು ಎರಡು ಪೈಸೆ ಏರುತ್ತಾ ಹೋಗುತ್ತದೆ. ಕೂಪನ್ ದಿನ ಒಂದೇ ಏಟಿಗೆ 3 ರೂಪಾಯಿ 59 ಪೈಸೆ ಬೀಳುತ್ತದೆ, ಯಾಕಂದರೆ ಅಷ್ಟೂ ದುಡ್ಡು ಬಾಂಡಿನಿಂದ ಹೊರಗೆ ಬಂದು ನಿಮ್ಮ ಖಾತೆಗೆ ಸೇರಿತು. ನಮ್ಮ ಗುಂಪಿನ ಇನ್ನೊಬ್ಬರಿಗೆ ಇದೇ ಗಾಬರಿ ಆಗಿತ್ತು. "ಒಂದೇ ದಿನಕ್ಕೆ ಲಕ್ಷಕ್ಕೆ ಮೂರೂವರೆ ಸಾವಿರ ಹೋಯ್ತಲ್ರೀ" ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು. ಪಾಸ್‌ಬುಕ್ ನೋಡಿ ಅಂದೆ. ಅಲ್ಲಿತ್ತು. ಬಾಂಡಿನ ಬೆಲೆ ನಿಜವಾಗಿ ಏರಿತಾ ಇಳಿಯಿತಾ ಅಂತ ತಿಳಿಯಲು ಎರಡು ದಿನದ ಕ್ಲೀನ್ ಪ್ರೈಸ್‌ಗಳನ್ನೇ ಹೋಲಿಸಬೇಕು.

ಹಾಗಾದರೆ ಎಲ್ಲ ಕಡೆಯೂ ಕ್ಲೀನ್ ಪ್ರೈಸೇ ತೋರಿಸುತ್ತಾರಾ?

ಇಲ್ಲ, ಎಚ್ಚರಿಕೆ ಬೇಕಾದ ಜಾಗ ಇದು. ಷೇರು ಕೊಳ್ಳುವ ಆ್ಯಪ್‌ನಲ್ಲೇ ಷೇರಿನ ಹಾಗೆ ಎನ್‌ಸಿಡಿ ಅನ್ನುವ ಕಂಪನಿ ಬಾಂಡ್ ಅಥವಾ ಚಿನ್ನದ ಬಾಂಡ್ ಕೊಂಡರೆ, ಅಲ್ಲಿ ಕಾಣುವ ದರದಲ್ಲೇ ಬಡ್ಡಿ ಸೇರಿರುತ್ತದೆ. ಬೇರೆ ಸಾಲಿನಲ್ಲಿ ಅಕ್ರೂಡ್ ಇಂಟರೆಸ್ಟ್ ಬರಲ್ಲ. 1,000 ರೂಪಾಯಿ ಮುಖಬೆಲೆಯ ಬಾಂಡ್ 1,034ಕ್ಕೆ ಸಿಗುತ್ತಿದ್ದರೆ ದುಬಾರಿ ಅನ್ನಿಸುತ್ತದೆ. ಅದರೊಳಗೆ ಎಷ್ಟು ದಿನದ ಬಡ್ಡಿ ಇದೆ ಅಂತ ಬಿಡಿಸಿ ನೋಡಿದಾಗ ಮುಖಬೆಲೆಗೇ ಸಿಗುತ್ತಿರಬಹುದು.

ಬಿಡಿಸುವಾಗ ಮತ್ತೊಂದು ಬದಲಾವಣೆ ಇದೆ. ಕಂಪನಿಗಳ ಬಾಂಡ್‌ಗಳಿಗೆ ಥರ್ಟಿ ತ್ರೀಸಿಕ್ಸ್ಟಿ ಅಲ್ಲ. ಅಲ್ಲಿ ನಿಜವಾದ ಕ್ಯಾಲೆಂಡರ್ ದಿನಗಳನ್ನೇ ಎಣಿಸಿ 365ರಿಂದ ಭಾಗಿಸುತ್ತಾರೆ. ಬಡ್ಡಿಯ ಅವಧಿಯೊಳಗೆ ಫೆಬ್ರವರಿ 29 ಬಂದರೆ 366ರಿಂದ. ಒಂದು ಕಂಪನಿಯ ಬಾಂಡ್ 9 ಪರ್ಸೆಂಟ್, ವರ್ಷಕ್ಕೊಮ್ಮೆ ಜೂನ್ 10ಕ್ಕೆ ಬಡ್ಡಿ ಕೊಡುತ್ತದೆ ಅಂತಿಟ್ಟುಕೊಳ್ಳಿ. 2024ರ ಜೂನ್ 10ರಿಂದ ಅಕ್ಟೋಬರ್ 29ಕ್ಕೆ 141 ದಿನ. 90 × 141 ÷ 365 = 34.77. ಆ 1,034 ದುಬಾರಿ ಅಲ್ಲ, ಮುಖಬೆಲೆಗಿಂತ ಎಪ್ಪತ್ತೇಳು ಪೈಸೆ ಅಗ್ಗ.

ಹರಾಜಿನಲ್ಲಿ ಸರ್ಕಾರದಿಂದಲೇ ಕೊಂಡಾಗಲೂ ಬಡ್ಡಿ ಸೇರಿಸಿದ್ದಾರಲ್ಲ, ಯಾಕೆ?

ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ 2021ರ ನವೆಂಬರ್‌ನಲ್ಲಿ ಶುರುವಾದ ಮೇಲೆ ನಮ್ಮಂಥವರೂ ಹತ್ತು ಸಾವಿರ ರೂಪಾಯಿಯಿಂದ ಹರಾಜಿಗೆ ಹೋಗಬಹುದು. ಅಲ್ಲಿ ಈ ಪ್ರಶ್ನೆ ಜಾಸ್ತಿ. ಹಳೆಯ ಮಾಲೀಕರೇ ಇಲ್ಲದಿರುವಾಗ ಯಾರ ಪಾಲು ಇದು?

ಹರಾಜಿಗೆ ಬರುವ ಬಾಂಡ್ ಎಷ್ಟೋ ಸಲ ಹೊಸದಲ್ಲ. ಮೊದಲೇ ಇರುವ ಬಾಂಡನ್ನೇ ಸರ್ಕಾರ ಇನ್ನಷ್ಟು ಮಾರುತ್ತದೆ. ಅದೇ ಹೆಸರು, ಅದೇ ಕೂಪನ್ ದಿನ. ನೀವು ಕೊಂಡದ್ದಕ್ಕೂ ಮುಂದಿನ ಕೂಪನ್ ದಿನ ಪೂರ್ತಿ ಅರ್ಧ ವರ್ಷದ ಬಡ್ಡಿ ಬರುತ್ತದೆ. ನೀವು ಸಾಲ ಕೊಟ್ಟದ್ದು ನಿನ್ನೆ, ಬಡ್ಡಿ ಮಾತ್ರ ಆರು ತಿಂಗಳದ್ದು. ಹಾಗಾಗಿ ಕಳೆದ ದಿನಗಳ ಪಾಲನ್ನು ಸರ್ಕಾರ ಮುಂಚೆಯೇ ಈಸ್ಕೊಳ್ಳುತ್ತದೆ. ನಿಜವಾಗಿ ಹೊಸ ಬಾಂಡ್ ಆದರೆ, ಬಿಡುಗಡೆಯ ದಿನವೇ ಪಡೆದವರಿಗೆ ಈ ಸಾಲಿನಲ್ಲಿ ಸೊನ್ನೆ.

ಕೂಪನ್ ದಿನದ ಹಿಂದಿನ ದಿನ ಕೊಂಡರೆ?

ಸರ್ಕಾರಿ ಬಾಂಡ್‌ನಲ್ಲಿ ಆ ದಿನ ಸೆಟಲ್‌ಮೆಂಟೇ ಇರಲ್ಲ. ಯಾರ ಹೆಸರಿಗೆ ಬಡ್ಡಿ ಅಂತ ಗೊತ್ತುಮಾಡಲು ಒಂದು ದಿನ ಬಾಗಿಲು ಹಾಕುತ್ತಾರೆ, ಅದಕ್ಕೆ ಶಟ್ ಪೀರಿಯಡ್ ಅನ್ನುತ್ತಾರೆ. ಕಂಪನಿ ಬಾಂಡ್‌ಗಳಲ್ಲಿ ರೆಕಾರ್ಡ್ ಡೇಟ್ ಇರುತ್ತದೆ. ಅದು ದಾಟಿದ ಮೇಲೆ ಕೊಂಡವರಿಗೆ ಆ ಕಂತು ಸಿಗಲ್ಲ. ಕೂಪನ್ ಹತ್ತಿರ ಬಂದಾಗ ಕೊಳ್ಳುವುದಾದರೆ ಆ ತಾರೀಖು ಕೇಳಿಕೊಳ್ಳಿ.

3,590 ಪೂರ್ತಿ ನನ್ನ ಆದಾಯ ಅಂತ ತೆರಿಗೆ ಕಟ್ಟಬೇಕಾ?

ಮೇಷ್ಟ್ರಿಗೆ ಜಾಸ್ತಿ ಕೋಪ ಬಂದದ್ದು ಈ ಉತ್ತರಕ್ಕೆ. ಕೈಗೆ ಉಳಿಯೋದು 2,094.17, ಆದರೂ ಬಡ್ಡಿ ಆದಾಯ ಅಂತ ಕಾಣೋದು 3,590.

ಕೊಳ್ಳುವಾಗ ಕೊಟ್ಟ ಬಡ್ಡಿಯನ್ನು ಆಮೇಲೆ ಬಂದ ಬಡ್ಡಿಯಲ್ಲಿ ಕಳೆಯಬಹುದಾ ಅನ್ನೋದು ಬ್ಯಾಂಕುಗಳೇ ಕೋರ್ಟಿಗೆ ಹೋದ ವಿಷಯ. ನಮ್ಮ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಂದೆ, ಅದು ಬಾಂಡ್ ಕೊಂಡ ಬೆಲೆಯ ಭಾಗ, ಕಳೆಯುವಂತಿಲ್ಲ ಅಂದಿತು. 2024ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ರಾಜಸ್ಥಾನ್ ಪ್ರಕರಣದಲ್ಲಿ, ಬಾಂಡ್‌ಗಳನ್ನು ವ್ಯಾಪಾರದ ಸರಕಾಗಿ ಇಟ್ಟುಕೊಂಡ ಬ್ಯಾಂಕ್ ಅದನ್ನು ಖರ್ಚು ಅಂತ ಕಳೆಯಬಹುದು ಅಂತ ಹೇಳಿತು. ಮೇಷ್ಟ್ರು ಬಾಂಡ್ ವ್ಯಾಪಾರಿ ಅಲ್ಲ. ಹಾಗಾಗಿ ಎಚ್ಚರಿಕೆಯ ದಾರಿ ಅಂದರೆ 1,495.83ನ್ನು ಕೊಂಡ ಬೆಲೆಗೆ ಸೇರಿಸಿಡೋದು. ಮುಂದೆ ಮಾರಿದಾಗ ಲಾಭ ಅಷ್ಟು ಕಮ್ಮಿಯಾಗುತ್ತದೆ. ಅದಕ್ಕೆ ಆ ಚೀಟಿ ಬೇಕೇ ಬೇಕು, ಆಡಿಟರ್ ಮೊದಲು ಕೇಳೋದೂ ಅದನ್ನೇ.

ಅವಧಿ ಮುಗಿಯುವ ಮುಂಚೆ ನಾನೇ ಮಾರಿದರೆ?

ಆಗ ನೀವು ಆ ಕಡೆ ಕೂರುತ್ತೀರಿ. ಕೊಳ್ಳುವವರು ನಿಮಗೆ ದಿನ ಎಣಿಸಿ ಬಡ್ಡಿ ಕೊಡುತ್ತಾರೆ, ಅದೇ ಸೂತ್ರ, ಅದೇ 360. ಮೇಷ್ಟ್ರು ಈಗ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೆನ್ಷನ್ ಪುಸ್ತಕದ ಜೊತೆ ಇಟ್ಟಿದ್ದಾರೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರಂತೆ: ಹಾಲು, 75 ದಿನ.